ತಂಗಿಯ ಮಗಳಿಗೆ ಇಟ್ಟ ಮಾತು

ನಮ್ಮ ಅವ್ವನಿಗೆ ಒಂದು ರೂಢಿಯಿತ್ತು. ಮನೆಯಲ್ಲಿ ಕೂಸು ಹುಟ್ಟಿದರೆ ಅದಕ್ಕೆ ಹೆಸರನ್ನು ಸೋದರತ್ತೆ ಇಡುತ್ತಿದ್ದಳು, ಆದರೆ ನಿದ್ದೆಗೆ ಒಂದು ಮಾತನ್ನು ಅವ್ವ ಇಡುತ್ತಿದ್ದಳು. ತೊಟ್ಟಿಲಿಗೆ ಹಾಕುವ ದಿನ ಹಾಡುವ ಜೋಗುಳದಲ್ಲಿ ಆ ಮಾತು ಬರಬೇಕು. ಆಮೇಲೆ ಆ ಕೂಸನ್ನು ಮಲಗಿಸುವವರೆಲ್ಲ ಅದೇ ಮಾತಿನಿಂದ ಮಲಗಿಸಬೇಕು. ಅವ್ವ ತನ್ನ ಅವ್ವನಿಂದ ಇದನ್ನು ಕಲಿತಿದ್ದಳಂತೆ. ಅವ್ವನ ತವರು ಸವಡಿ. ಅಲ್ಲಿ ಬೇರೆ ಯಾರ ಮನೆಯಲ್ಲಾದರೂ ಹೀಗೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಹೆಚ್ಚು ಓದಿದವಳಲ್ಲ. ತಂಗಿ ಹುಟ್ಟಿದಾಗ ಸಾಲೆ ಬಿಟ್ಟೆ. ಅವ್ವ ಅಬ್ಬಿಗೇರಿಯ ಕಡೆ ಕಳೆ ಕೀಳಲು ಹೋಗುತ್ತಿದ್ದಳು, ರೋಣದ ಮನೆಯಲ್ಲಿ ತೊಟ್ಟಿಲು ತೂಗಲು ಯಾರಾದರೂ ಬೇಕಿತ್ತು. ಪುಸ್ತಕದ ಪಾಠ ಮರೆತುಹೋಯಿತು, ಜೋಗುಳದ ಪಾಠ ಮಾತ್ರ ಉಳಿಯಿತು. ಅದರಲ್ಲಿ ಕಲಿಯುವುದು ಕಡಿಮೆಯೇನೂ ಇರಲಿಲ್ಲ.

ಕೂಸು ಅಳುತ್ತಿರುವಾಗ ನಿದ್ದೆಯ ಹೆಸರು ತೆಗೆಯಬಾರದು. ಮೊದಲು ದಣಿವಿನ ಮಾತು ಹೇಳಬೇಕು. ಕೈಕಾಲು ಆಡಿಸಿ ದಣಿದಿ, ಸುಧಾರಿಸಿಕೊ ಅನ್ನಬೇಕು. ಅಳು ಇಳಿದು ಬಿಕ್ಕು ಉಳಿದಾಗ ಒರಗು ಅನ್ನಬೇಕು. ಕಣ್ಣು ಭಾರವಾಗಿ ನೋಟ ಒಂದೇ ಕಡೆ ನಿಂತಾಗ ಜೊಂಪು ಬರಲಿ, ಎವೆಗೆ ಎವೆ ಕೂಡಲಿ ಅನ್ನಬೇಕು. ಕಣ್ಣು ಮುಚ್ಚು ಅಂತ ಮಾತ್ರ ತೊಟ್ಟಿಲ ಹತ್ತಿರ ಯಾರೂ ಅನ್ನುವುದಿಲ್ಲ, ಅದು ಸತ್ತವರ ಮಾತು. ಬಿದ್ಕೊ ಅನ್ನುವುದು ಬೈಗುಳ. ಕೂಸಿನ ಮುಷ್ಟಿ ತಾನಾಗಿ ಬಿಚ್ಚಿಕೊಂಡರೆ ನಿದ್ದೆ ಹತ್ತಿತು ಅಂತ ತಿಳಿಯಬೇಕು. ಆಗ ಅದರ ಸ್ವಂತ ಮಾತನ್ನು ಹೇಳಿ, ಬರೀ ಜೋ ಎಂಬ ದನಿಗೆ ಇಳಿದು, ಹಗ್ಗವನ್ನು ಒಮ್ಮೆಲೇ ಬಿಡದೆ ತೂಗುವುದನ್ನು ಸಣ್ಣದು ಮಾಡುತ್ತ ಹೋಗಬೇಕು. ಮಾತಿನ ಕೊನೆಯನ್ನು ಎಳೆಯಬೇಕು, ಅರ್ಧ ತೊಟ್ಟಿಲು ಹೋಗುವಾಗ, ಅರ್ಧ ತಿರುಗಿ ಬರುವಾಗ.

ನನ್ನ ಮಗಳು ಹುಟ್ಟಿದಾಗ ಅವ್ವ ಅವಳಿಗೆ ಇಟ್ಟ ಮಾತು 'ಅಡ್ಡಾಗು'. ಅಡ್ಡಾಗವ್ವ, ಒಂದೀಟು ಅಡ್ಡಾಗವ್ವ ಅಂತ ಹಾಡಿದಳು. ಗಜೇಂದ್ರಗಡದಿಂದ ಬಂದಿದ್ದ ನನ್ನ ಅತ್ತೆಯ ಮನೆಯವರು ನಕ್ಕರು. ನನ್ನ ಗಂಡನ ಮನೆ ಮಗ್ಗದವರದು, ಊಟವಾದ ಮೇಲೆ ಗಂಡಸರು ಮಗ್ಗದ ಪಕ್ಕದಲ್ಲೇ ಅಡ್ಡಾಗುತ್ತಾರೆ. ಕೂಸಿಗೂ ನಮ್ಮ ಮನೆತನದ ಮಾತೇ ಸಿಕ್ಕಿತು ಬಿಡು ಅಂತ ನನ್ನ ನಾದಿನಿ ಅಂದಳು. ನಾನೂ ನಕ್ಕೆ. ಆ ದಿನ ನನಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಕೊರತೆ ಕಂಡದ್ದು ಹೋದ ವರ್ಷ, ತಂಗಿ ಹಡೆದಾಗ.

ತಂಗಿ ಕಾಲೇಜು ಓದಿದಳು. ನರಗುಂದದ ಅರಿವೆ ಅಂಗಡಿಯವರ ಮನೆಗೆ ಸೊಸೆಯಾಗಿ ಹೋದಳು. ಹೆರಿಗೆಗೆ ರೋಣಕ್ಕೆ ಬಂದಳು, ಹೆಣ್ಣು ಹುಟ್ಟಿತು. ಬಾಣಂತನಕ್ಕೆ ಕೈ ಬೇಕೆಂದು ಅವ್ವ ನನ್ನನ್ನೂ ಕರೆಸಿಕೊಂಡಳು. ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು, ಲೋಬಾನದ ಹೊಗೆ ಹಾಕುವುದು, ತಂಗಿಗೆ ಬಿಸಿ ಅಡಿಗೆ ಮಾಡಿ ಬಡಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಕೂಸು ನನ್ನ ಕೈಯಲ್ಲಿ ಬೇಗ ಸುಮ್ಮನಾಗುತ್ತಿತ್ತು. ತಂಗಿ ಅದನ್ನು ನೋಡಿ, ಅಕ್ಕನ ಕೈಯಾಗ ಏನೈತೋ ಅನ್ನುತ್ತಿದ್ದಳು. ಅದನ್ನು ಕೇಳಿದಾಗ ಹಿತವಾಗುತ್ತಿತ್ತು. ಅವಳು ಮಂಚದ ಮೇಲೆ ಮಲಗಿ ಮೊಬೈಲಿನಲ್ಲಿ ಗಂಡನ ಜೊತೆ ನಗುವುದನ್ನು ಕೇಳಿದಾಗ ಆ ಹಿತ ಹೋಗುತ್ತಿತ್ತು. ನನ್ನ ಬಾಣಂತನದಲ್ಲಿ ಅದೇ ಮಂಚದ ಮೇಲೆ ನಾನು ಮಲಗಿದ್ದೆ, ಆದರೆ ಆಗ ಅವ್ವ ಕೆಲಸ ಬಿಟ್ಟು ಮನೆಯಲ್ಲಿ ಉಳಿದಿರಲಿಲ್ಲ. ಈಗ ಉಳಿದಳು. ವಯಸ್ಸಾಗಿತ್ತು, ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ತಂಗಿಗಾಗಿ ಉಳಿದಳು ಅಂತಲೇ ಅನಿಸುತ್ತಿತ್ತು.

ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ಅವ್ವನ ಗಂಟಲು ಕಟ್ಟಿತು. ದನಿ ಪೂರಾ ಹೋಗಿ ಪಿಸುಮಾತು ಉಳಿಯಿತು. ಜೋಗುಳ ನೀನೇ ಹೇಳಬೇಕು ಅಂದಳು. ಹಿಂದಿನ ದಿನ ಸಂಜೆ ಗುಗ್ಗರಿಗೆ ಕಡಲೆ ಆರಿಸುತ್ತ ಕೂತಿದ್ದೆವು. ಕೂಸಿಗೆ ಯಾವ ಮಾತು ಇಟ್ಟಿದ್ದಿ ಅಂತ ಕೇಳಿದೆ. ಅವಳು ಬಾಗಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು.

"ಪವಡಿಸವ್ವ."

ಕಡಲೆಯ ಮೊರ ನನ್ನ ತೊಡೆಯ ಮೇಲೆ ಹಾಗೇ ಇತ್ತು. ಪವಡಿಸುವುದು ದೇವರು. ಗುಡಿಯಲ್ಲಿ ಕಡೆಯ ಮಂಗಳಾರತಿಯ ಮೇಲೆ ಬಾಗಿಲು ಹಾಕುವಾಗ ಅನ್ನುವ ಮಾತು. ಕಥೆಗಳಲ್ಲಿ ರಾಜರು ಪವಡಿಸುತ್ತಾರೆ. ಕೂಲಿಯವರು ಬೇವಿನ ನೆರಳಿಗೆ ಟಾವೆಲ್ ಹಾಸಿ ಅಡ್ಡಾಗುತ್ತಾರೆ. ಅವ್ವನಿಗೆ ಈ ಎರಡೂ ಮಾತಿನ ತೂಕ ಗೊತ್ತಿತ್ತು. ಗೊತ್ತಿದ್ದೇ ಒಂದನ್ನು ನನ್ನ ಮಗಳಿಗೆ, ಒಂದನ್ನು ತಂಗಿಯ ಮಗಳಿಗೆ ಕೊಟ್ಟಿದ್ದಾಳೆ ಅಂತ ನನಗೆ ಅನಿಸಿತು.

"ಭಾರಿ ಮಾತು ಇಟ್ಟಿ ಬಿಡವ್ವಾ," ಅಂದೆ.

ಅವಳು ತಲೆ ಅಲ್ಲಾಡಿಸಿ ಕಡಲೆಯಲ್ಲಿನ ಕಲ್ಲು ತೆಗೆಯುತ್ತ ಕೂತಳು. ಆಮೇಲೆ ಇಡೀ ನುಡಿಯನ್ನು ಪಿಸುಮಾತಿನಲ್ಲೇ ಕಲಿಸಿದಳು. ಒಮ್ಮೆ ಕೇಳಿದ್ದೇ ನನಗೆ ಬಂತು.

ಮರುದಿನ ನರಗುಂದದಿಂದ ಬೀಗರು ಎರಡು ಕಾರಿನಲ್ಲಿ ಬಂದರು. ಮೊದಲು ಗುಂಡುಕಲ್ಲಿಗೆ ಕುಂಚಿಗೆ ಹೊದಿಸಿ ತೊಟ್ಟಿಲಿನಲ್ಲಿಟ್ಟು ತೂಗಿದರು. ಆಮೇಲೆ ಕೂಸನ್ನು ತೊಟ್ಟಿಲ ಕೆಳಗಿನಿಂದ ಈ ಕಡೆಯವರು ಆ ಕಡೆಯವರಿಗೆ ದಾಟಿಸಿ ಒಳಗೆ ಹಾಕಿದರು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ನಕ್ಕರು. ಹಗ್ಗ ನನ್ನ ಕೈಗೆ ಬಂತು. ಅವ್ವ ತೊಟ್ಟಿಲ ತಲೆಯ ಕಡೆ ಕೂತಿದ್ದಳು.

ಸುಧಾರಿಸಿಕೊ ಅಂದೆ, ಒರಗು ಅಂದೆ, ಜೊಂಪು ಬರಲಿ ಅಂದೆ. ಬಂದವರು ಮಾತು ನಿಲ್ಲಿಸಿ ಕೇಳತೊಡಗಿದರು. ಕೂಸು ನನ್ನನ್ನೇ ನೋಡುತ್ತಿತ್ತು, ನೋಡುತ್ತ ನೋಡುತ್ತ ಅದರ ಮುಷ್ಟಿ ಬಿಚ್ಚಿತು. ಅದರ ಮಾತು ಬರುವ ನುಡಿ ಇದಾಗಿತ್ತು:

ಮುತ್ತೀನ ತೊಟ್ಟಿಲಿಗಿ ಮಲ್ಲೀಗಿ ಹಾಸ್ಯಾವ
ಹೊತ್ತು ತಾ ತಂಪ ತಂದೈತಿ, ನನ ಕೂಸ
ಅತ್ತಿತ್ತ ನೋಡದ ಪವಡಿಸವ್ವ

ಮೊದಲ ಎರಡು ಸಾಲು ಸರಿಯಾಗಿಯೇ ಹೇಳಿದೆ. ಮೂರನೆಯದಕ್ಕೆ ಬಂದಾಗ ಎದುರಿಗೆ ತಂಗಿ ಹೊಸ ಸೀರೆಯಲ್ಲಿ, ಹೂ ಮುಡಿದು ಕೂತದ್ದು ಕಂಡಿತು. ಅವಳ ಅತ್ತೆ ಅವಳ ಸೆರಗು ಸರಿಮಾಡುತ್ತಿದ್ದಳು. ನನ್ನ ಮಗಳು ಬಾಗಿಲ ಹತ್ತಿರ ಗುಗ್ಗರಿ ತಿನ್ನುತ್ತ ನಿಂತಿದ್ದಳು. ನನ್ನ ಬಾಯಿ ತಾನಾಗಿ ತಪ್ಪಲಿಲ್ಲ, ನಾನೇ ತಪ್ಪಿಸಿದೆ. 'ಅತ್ತಿತ್ತ ನೋಡದ ಅಡ್ಡಾಗವ್ವ' ಅಂತ ಹಾಡಿದೆ. ಧಾಟಿಗೆ ಏನೂ ತೊಂದರೆಯಾಗಲಿಲ್ಲ. ಅಡ್ಡಾ ಅನ್ನುವಾಗ ತೊಟ್ಟಿಲು ಹೋಯಿತು, ಗವ್ವ ಅನ್ನುವಾಗ ತಿರುಗಿ ಬಂತು.

ಅವ್ವ ತಲೆ ಎತ್ತಿ ನನ್ನ ಕಡೆ ನೋಡಿದಳು. ಹೇಳಲು ಅವಳಿಗೆ ದನಿ ಇರಲಿಲ್ಲ. ಇದ್ದಿದ್ದರೂ ಬೀಗರ ಮುಂದೆ ಹೇಳುತ್ತಿರಲಿಲ್ಲ. ನಾನು ಅದೇ ಸಾಲನ್ನು ಮತ್ತೊಮ್ಮೆ ಹಾಡಿ, ಗಟ್ಟಿ ಮಾಡಿ, ಜೋ ದನಿಗೆ ಇಳಿದೆ. ಕೂಸು ನಿದ್ದೆ ಹೋಗಿತ್ತು.

ಆ ದಿನವಿಡೀ ನನಗೆ ಒಂಥರಾ ಸುಖವಿತ್ತು. ಬಡಿಸುವಾಗ, ಮುಸುರೆ ತಿಕ್ಕುವಾಗಲೂ ಅದು ಹೋಗಲಿಲ್ಲ. ಕಾರು ಇದ್ದವರ ಕೂಸಿಗೂ ಅಡ್ಡಾಗುವುದೇ ಬಂತು ಅಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗ ನಾಚಿಕೆ ಇರಲಿಲ್ಲ.

ತಂಗಿ ನರಗುಂದಕ್ಕೆ ಹೋದ ಮೇಲೆ ನಾನೂ ಗಜೇಂದ್ರಗಡಕ್ಕೆ ಹೊರಟೆ. ಅವ್ವನ ದನಿ ಅರ್ಧ ತಿರುಗಿ ಬಂದಿತ್ತು. ರೊಟ್ಟಿ ಕಟ್ಟಿಕೊಡುತ್ತ ತಾನಾಗಿಯೇ ಮಾತು ತೆಗೆದಳು.

"ಆ ಮಾತು ನನ್ನದಲ್ಲವಾ. ಗುಡ್ಯಾಗ ಕೇಳಿದ್ದು. ಅವರ ಮಂದಿ ಮುಂದ ಸಣ್ಣಾಕಿ ತಲಿ ತಗ್ಗಬಾರದು ಅಂತ ಕಡಾ ತಂದಂಗ ತಂದಿದ್ದೆ."

ಇನ್ನೆರಡು ರೊಟ್ಟಿಯನ್ನು ಗಂಟಿಗೆ ಸೇರಿಸಿದಳು.

"ನಿನ್ನ ಮಗಳಿಗಿ ಇಟ್ಟದ್ದು ನಂದು. ಬಿಸಲಾಗ ಕಳಿ ಕೀಳತ್ತ ಸೊಂಟ ಹೋಗತಿತ್ತು. ಯಾರರ ಒಬ್ರು ಒಂದೀಟು ಅಡ್ಡಾಗ ಬಾ ಅನ್ನಲಿ ಅಂತ ಕಾಯತಿದ್ದೆ. ಯಾರೂ ಅನ್ನಲಿಲ್ಲ. ಅದನ್ನ ನಿನ್ನ ಮಗಳಿಗಿ ಅಂದೆ."

ತೊಟ್ಟಿಲ ಮುಂದೆ ಹಾಡಿದ್ದನ್ನು ತಿದ್ದಲು ಬರುತ್ತದೇನು ಅಂತ ಕೇಳಿದೆ. ಬರುವುದಿಲ್ಲ ಅಂದಳು. ಬೈಯಲಿಲ್ಲ. ರೊಟ್ಟಿಯ ಗಂಟನ್ನು ಚೀಲದಲ್ಲಿಟ್ಟು, ಬಸ್ಸು ತಪ್ಪೀತು ನಡಿ ಅಂದಳು. ಬಸ್ಸಿನಲ್ಲಿ ಕೂತ ಮೇಲೆ ನನಗೆ ತಿಳಿಯಿತು. ನಾನು ಕಸಿದುಕೊಂಡದ್ದು ಕಡ ತಂದ ಮಾತು. ಅದರ ಜಾಗಕ್ಕೆ ಕೊಟ್ಟುಬಿಟ್ಟದ್ದು ಅವ್ವ ನನ್ನ ಮಗಳಿಗೊಬ್ಬಳಿಗೇ ಅಂತ ಎತ್ತಿಟ್ಟಿದ್ದ ಮಾತು.

ಈ ಬೇಸಗೆಯಲ್ಲಿ ಮಗಳನ್ನು ಕರೆದುಕೊಂಡು ನರಗುಂದಕ್ಕೆ ಹೋದೆ. ತಂಗಿಗೆ ಎಲ್ಲ ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅವಳು ಒಳಗೆ ಪಾತ್ರೆ ಎತ್ತಿಡುತ್ತಿದ್ದಳು, ಕೂಸು ಪಡಸಾಲೆಯ ತೊಟ್ಟಿಲಲ್ಲಿ ರಚ್ಚೆ ಹಿಡಿದಿತ್ತು. ನಾನು ಹಗ್ಗ ಹಿಡಿದು ಮೊದಲಿನಿಂದ ಶುರು ಮಾಡಿದೆ. ದಣಿವಿನ ಮಾತಿಗೆ ಅಳು ಇಳಿಯಿತು, ಜೊಂಪಿನ ಮಾತಿಗೆ ಕಣ್ಣು ಭಾರವಾಯಿತು. ಮೂರನೆಯ ಸಾಲಿಗೆ ಬಂದು ಮೆಲ್ಲಗೆ, ಯಾರಿಗೂ ಕೇಳದ ಹಾಗೆ, ಪವಡಿಸವ್ವ ಅಂದೆ. ಕೂಸು ಕಣ್ಣು ತೆರೆದು ನನ್ನನ್ನು ನೋಡಿತು. ಮತ್ತೆ ಅಂದೆ. ತುಟಿ ತಿರುವಿ ಅಳಲು ಹತ್ತಿತು.

ಒಳಗಿನಿಂದ ತಂಗಿ ಕೂಗಿ ಹೇಳಿದಳು.

"ಅಕ್ಕಾ, ಅಡ್ಡಾಗವ್ವ ಅನ್ನ. ಅದಕ್ಕ ಅಷ್ಟ ನಿದ್ದಿ ಹತ್ತತೈತಿ. ನಮ್ಮ ಅತ್ತಿಯವರೂ ಈಗ ಅದನ್ನ ಅಂತಾರ, ಎಷ್ಟ ಚಲೋ ಮಾತ ಅಂತಾರ."

ನನ್ನ ಮಗಳು ನೆಲದ ಮೇಲೆ ಕೂತು ಕೂಸಿನ ಗಿಲಕಿ ಹಿಡಿದು ಆಡುತ್ತಿದ್ದಳು. ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅವ್ವಾ, ಅದು ನನ್ನ ಮಾತಲ್ಲಾ?"

ಅವಳ ಮುಖದಲ್ಲಿ ಇದ್ದದ್ದನ್ನು ನಾನು ಗುರುತು ಹಿಡಿದೆ. ತೊಟ್ಟಿಲ ಶಾಸ್ತ್ರದ ದಿನ ನನ್ನ ಮುಖದಲ್ಲೂ ಅದೇ ಇದ್ದಿರಬೇಕು. ಹೌದು, ನಿನ್ನದೇ, ನಾನು ಕೊಟ್ಟುಬಿಟ್ಟೆ ಅಂದೆ. ಯಾಕೆ ಅಂತ ಕೇಳಿದಳು. ಕೂಸಿನ ಅಳು ಜೋರಾಗಿತ್ತು. ಒಳಗೆ ಪಾತ್ರೆಯ ಸಪ್ಪಳ ನಿಂತು, ತಂಗಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

ಅವರಿಬ್ಬರ ಮುಂದೆಯೇ ಹಗ್ಗ ಎಳೆದು, ಅಡ್ಡಾಗವ್ವ ಅಂತಲೇ ಆ ಸಾಲು ಹೇಳಿದೆ. ಕೂಸಿನ ಮುಷ್ಟಿ ಬಿಚ್ಚಿತು. ತೂಗುವುದನ್ನು ಸಣ್ಣದು ಮಾಡುತ್ತ ಬಂದು, ತೊಟ್ಟಿಲು ನಿಂತ ಮೇಲೆ ತಂಗಿಯನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡೆ. ಮಗಳನ್ನು ಈ ಕಡೆ ಕೂಡಿಸಿಕೊಂಡೆ. ಕೂಸು ಏಳದ ಹಾಗೆ, ಅವ್ವನ ಪಿಸುಮಾತಿನಂಥ ದನಿಯಲ್ಲಿ, ನಿನ್ನ ಮಗಳಿಗೆ ಅವ್ವ ಇಟ್ಟಿದ್ದ ಮಾತು ಬೇರೆ ಇತ್ತು ಅಂತ ಹೇಳಲು ಶುರು ಮಾಡಿದೆ.