ಪೊಟ್ಯಾಸಿಯಂ ನೈಟ್ರೇಟ್ ಮುಗಿದ ವಾರ

ನನಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ, ಕಾಲೇಜಿನಲ್ಲಿ, ಮೀನಂಗಡಿ ಊರಿನ ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ಇದು ಗೊತ್ತು. ಇಪ್ಪತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ಮೇಲೆ ಅದನ್ನು ಶಿಸ್ತು ಎಂದು ಕರೆದುಕೊಳ್ಳುವ ಚಟವೂ ಅಂಟಿಕೊಂಡಿತ್ತು. ಆ ಶಿಸ್ತು ಒಬ್ಬಳ ಓದನ್ನು ನುಂಗಿದ ಕಥೆ ಇದು.

ಅವಳು ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಕಾಟ್ಟಿಕುಳಂ ಕಡೆಯವಳು, ನಮ್ಮ ಹಾಗೇ ಮನೆಯಲ್ಲಿ ಕನ್ನಡ. ಮಲಯಾಳಿಗಳೇ ತುಂಬಿದ ಇಡೀ ವಿಭಾಗದಲ್ಲಿ ನಾನು ಕನ್ನಡದಲ್ಲಿ ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆ. ಪಾಠವೆಲ್ಲ ಇಂಗ್ಲಿಷ್, ಬೈಗುಳ ಮಲಯಾಳಂ, ಅವಳಿಗೆ ಮಾತ್ರ ಎರಡೂ ಕನ್ನಡದಲ್ಲಿ ಸಿಗುತ್ತಿದ್ದವು. ಹೊರಗಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವಳಿಗೆ ಸೀಟು ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಬೇಕಾಗಿದ್ದುದು ಪ್ರಾಜೆಕ್ಟ್ ಮಾರ್ಗದರ್ಶಕನ ಪತ್ರ. ಮಾರ್ಗದರ್ಶಕ ನಾನೇ.

ಕೆಲಸ ದೊಡ್ಡದೇನಲ್ಲ. ಕ್ಯಾಲ್ಸಿಯಂ ಅಯೋಡೇಟ್ ಎಂಬ ಉಪ್ಪು ನೀರಿನಲ್ಲಿ ಸ್ವಲ್ಪವೇ ಕರಗುತ್ತದೆ. ಕರಗಿದ ಕ್ಯಾಲ್ಸಿಯಂ ಎಷ್ಟು, ಅಯೋಡೇಟ್ ಎಷ್ಟು ಎಂದು ಅಳೆದು, ಕ್ಯಾಲ್ಸಿಯಂ ಸಾಂದ್ರತೆಯನ್ನು ಅಯೋಡೇಟ್ ಸಾಂದ್ರತೆಯ ವರ್ಗದಿಂದ ಗುಣಿಸಿದರೆ ಅದರ ಸಮತೋಲನ ಸ್ಥಿರಾಂಕ ಸಿಗುತ್ತದೆ. ದ್ರಾವಣವನ್ನು ಸೋಸಿ, ಆಮ್ಲ ಮತ್ತು ಪೊಟ್ಯಾಸಿಯಂ ಅಯೋಡೈಡ್ ಸೇರಿಸಿ, ಹೊರಬಂದ ಅಯೋಡಿನ್ನಿಗೆ ಬ್ಯೂರೆಟ್ಟಿನಿಂದ ಹನಿಹನಿಯಾಗಿ ಹೈಪೋ ದ್ರಾವಣ ಬಿಡಬೇಕು. ಸೂಚಕವಾಗಿ ಹಾಕಿದ ಪಿಷ್ಟದ ನೀಲಿ ಬಣ್ಣ ಮಾಯವಾದ ಹನಿಯಲ್ಲಿ ನಿಲ್ಲಿಸಬೇಕು. ಒಂದೇ ಷರತ್ತು: ಪ್ರತಿ ಫ್ಲಾಸ್ಕಿಗೂ ಒಂದೇ ಅಳತೆಯ ಪೊಟ್ಯಾಸಿಯಂ ನೈಟ್ರೇಟ್ ಹಾಕಿರಬೇಕು. ಅದು ಈ ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ. ಸುಮ್ಮನೆ ಗುಂಪು ಸೇರಿಸುವುದು ಅದರ ಕೆಲಸ.

ಆ ಗುಂಪಿನಲ್ಲೇ ಎಲ್ಲ ಇರುವುದು. ನೀರಿನಲ್ಲಿ ಅಯಾನುಗಳು ಹೆಚ್ಚಾದಷ್ಟೂ ಪ್ರತಿ ಕ್ಯಾಲ್ಸಿಯಂನ ಸುತ್ತ ಋಣ ವಿದ್ಯುದಂಶದವು, ಪ್ರತಿ ಅಯೋಡೇಟಿನ ಸುತ್ತ ಧನ ವಿದ್ಯುದಂಶದವು ಮುತ್ತಿಕೊಳ್ಳುತ್ತವೆ. ಸಂತೆಯ ನೂಕುನುಗ್ಗಲಿನಲ್ಲಿ ಬಂಧುಗಳಿಬ್ಬರಿಗೆ ಒಬ್ಬರನ್ನೊಬ್ಬರು ತಲುಪಲಾಗದ ಹಾಗೆ ಅವುಗಳ ಸೆಳೆತ ಮಂದವಾಗುತ್ತದೆ. ನೂರಿದ್ದರೂ ಎಪ್ಪತ್ತೋ ಐವತ್ತೋ ಇದ್ದಂತೆ ವರ್ತಿಸುತ್ತವೆ. ಎಣಿಕೆಯನ್ನು ಈ ನಿಜವಾದ ಬಲಕ್ಕೆ ಇಳಿಸುವ ಸಂಖ್ಯೆಯೇ ಸಕ್ರಿಯತಾ ಗುಣಾಂಕ. ಎರಡು ವಿದ್ಯುದಂಶ ಹೊತ್ತ ಕ್ಯಾಲ್ಸಿಯಂಗೆ ಈ ಇಳಿಕೆ ಇನ್ನೂ ಜೋರು. ಹಾಗಾಗಿ ಗುಂಪು ದೊಡ್ಡದಾದರೆ ಉಪ್ಪು ಹೆಚ್ಚು ಕರಗುತ್ತದೆ, ಬರಿಯ ಸಾಂದ್ರತೆಯಿಂದ ಲೆಕ್ಕ ಹಾಕಿದ ಸ್ಥಿರಾಂಕವೂ ಏರುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಕಣ್ಣು ಮುಚ್ಚಿಕೊಂಡೇ ಬರೆಯುತ್ತಿದ್ದೆ ಎನ್ನುವುದೇ ಸರಿ.

ಒಂದು ಬೆಳಿಗ್ಗೆ ಪರೀಕ್ಷಾ ಕೆಲಸಕ್ಕೆ ಓಡುತ್ತಿದ್ದೆ. ಮೆಟ್ಟಿಲಲ್ಲಿ ಅವಳು ತಡೆದಳು.

"ಸಾರ್, ನೈಟ್ರೇಟ್ ಬಾಟಲಿ ಖಾಲಿ ಆಯ್ತು. ಸ್ಟೋರಲ್ಲೂ ಇಲ್ಲ ಅಂತಾರೆ."

"ಇಲ್ದಿದ್ರೆ ನೀರಲ್ಲೇ ಮಾಡು. ಕೆಲಸ ನಿಲ್ಲಿಸ್ಬೇಡ."

ಅಷ್ಟೇ. ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತೆ.

ಮೂರು ವಾರದ ನಂತರ ಅವಳ ದಾಖಲೆ ಪುಸ್ತಕ ಮೇಜಿನ ಮೇಲೆ ಬಂತು. ಮೊದಲರ್ಧದ ಫಲಿತಾಂಶಗಳು ಒಂದಕ್ಕೊಂದು ಅಚ್ಚು ಹಾಕಿದ ಹಾಗಿದ್ದವು. ಉಳಿದರ್ಧದವೂ ಒಂದಕ್ಕೊಂದು ಹೊಂದುತ್ತಿದ್ದವು, ಆದರೆ ಬೆಲೆ ಮೊದಲಿನವುಗಳ ಅರ್ಧದಷ್ಟೂ ಇಲ್ಲ. ನನ್ನ ತಲೆಗೆ ಹೊಳೆದದ್ದು ಒಂದೇ: ಒಂದರ್ಧ ಅಳೆದದ್ದು, ಇನ್ನೊಂದರ್ಧ ಕೂತು ಬರೆದದ್ದು. ಪಠ್ಯಪುಸ್ತಕದಲ್ಲಿ ಕೊಟ್ಟ ಬೆಲೆಗೆ ಎರಡನೆಯದು ಹತ್ತಿರ ಇತ್ತು ಬೇರೆ. ಇದಕ್ಕಿಂತ ಸಾಕ್ಷಿ ಬೇಕೆ?

"ಸ್ಥಿರಾಂಕ ಅಂದ್ರೆ ಸ್ಥಿರವಾಗಿರ್ಬೇಕಮ್ಮ. ಮಧ್ಯದಲ್ಲಿ ಕುಸಿದು ಬೀಳೋದು ನಿನ್ನ ಪ್ರಾಮಾಣಿಕತೆ" ಎಂದೆ. ಸಹೋದ್ಯೋಗಿಗಳಿಬ್ಬರು ಅಲ್ಲೇ ಚಹಾ ಕುಡಿಯುತ್ತಿದ್ದರು.

"ಸಾರ್, ಅವತ್ತು ನೀವು ಮೆಟ್ಟಿಲಲ್ಲಿ..."

"ಎದುರು ಮಾತಾಡ್ತೀಯಾ?"

ನಾನು ಪುಸ್ತಕವನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ, ಪತ್ರ ಬರೆಯುವುದಿಲ್ಲ ಎಂದೆ. ಅದಕ್ಕೂ ಸಾಲದೆ ಅವಳ ಅಪ್ಪನನ್ನು ಕರೆಸಿದೆ.

ಅವರು ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ಇರುವ ರೈತ. ಇಸ್ತ್ರಿ ಮಾಡಿದ ಬಿಳಿ ಮುಂಡು ಉಟ್ಟುಕೊಂಡು ಬಂದಿದ್ದರು, ಮಗಳಿಗೆ ಏನೋ ಬಹುಮಾನ ಬಂದಿರಬೇಕು ಎಂದುಕೊಂಡು. ಮಲಯಾಳದಲ್ಲಿ ಹೇಳಿದ್ದರೆ ಅದು ಆಫೀಸಿನ ಮಾತಾಗಿ ಉಳಿಯುತ್ತಿತ್ತೋ ಏನೋ. ನಾನು ಕನ್ನಡದಲ್ಲಿ, ಮನೆಯವನ ಹಾಗೆ ಹೇಳಿದೆ: "ನಿಮ್ಮ ಮಗಳು ಸುಳ್ಳು ಲೆಕ್ಕ ಬರೆದಿದ್ದಾಳೆ."

"ನಮ್ಮವರೇ ಹೇಳಿದ ಮೇಲೆ ಇನ್ನೇನಿದೆ ಮಾಷೇ" ಎಂದು, ಮೇಷ್ಟರನ್ನು ಇಲ್ಲಿ ಕರೆಯುವ ಹಾಗೆ ಕರೆದು, ಕೈಮುಗಿದು ಹೊರಟರು. ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ. ಸಂಸ್ಥೆಯ ಕಡೆಯ ದಿನಾಂಕ ಕಳೆಯಿತು. ನನಗೆ ಆಗ ಒಂಚೂರೂ ಬೇಸರವಾಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದು ನಿಜ.

ಮರುವರ್ಷ ಫೆಬ್ರವರಿಯಲ್ಲಿ ಹೊಸ ರಾಸಾಯನಿಕಗಳ ಪೆಟ್ಟಿಗೆ ಬಂತು. ಪ್ರಯೋಗಾಲಯದ ಸಹಾಯಕ ಒಂದು ಬಾಟಲಿ ಎತ್ತಿ ಮೇಜಿನ ಮೇಲಿಟ್ಟು, ಆ ಹುಡುಗಿ ದಿನಾ ಬಂದು ಕೇಳುತ್ತಿದ್ದ ನೈಟ್ರೇಟ್ ಈಗ ಬಂತು ನೋಡಿ ಎಂದು ಮಲಯಾಳದಲ್ಲಿ ನಕ್ಕ.

ನಾನು ನಗಲಿಲ್ಲ. ಮೆಟ್ಟಿಲು ನೆನಪಾಯಿತು.

ಡ್ರಾಯರ್ ತೆಗೆದೆ. ಎರಡನೆಯ ಅರ್ಧದ ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಚಿಕ್ಕದಾಗಿ ಬರೆದಿದ್ದಳು: ನೈಟ್ರೇಟ್ ಇಲ್ಲ, ನೀರು ಮಾತ್ರ, ಸಾರ್ ಹೇಳಿದಂತೆ. ಒಂದು ಪುಟದಲ್ಲಲ್ಲ, ಹನ್ನೊಂದು ಪುಟಗಳಲ್ಲಿ. ನಾನು ಫಲಿತಾಂಶದ ಕೊನೆಯ ಸಾಲು ಬಿಟ್ಟು ಏನನ್ನೂ ಓದಿರಲಿಲ್ಲ.

ಅಲ್ಲೇ ನಿಂತು ಲೆಕ್ಕ ಹಾಕಿದೆ. ಪ್ರತಿ ಫ್ಲಾಸ್ಕಿನ ಅಯಾನಿಕ ಬಲ, ಅದರ ವರ್ಗಮೂಲ, ಅದರಿಂದ ಗುಣಾಂಕಗಳು. ನೀರಿನ ಫ್ಲಾಸ್ಕಿಗೂ ತಿದ್ದುಪಡಿ ಬೇಕಿತ್ತು, ಕರಗಿದ ಉಪ್ಪು ತಾನೇ ಒಂದು ಸಣ್ಣ ಗುಂಪಲ್ಲವೇ. ತಿದ್ದಿದಾಗ ಎರಡೂ ಅರ್ಧಗಳು ಕೆಳಗಿಳಿದು ಒಂದೇ ಬೆಲೆಯ ಅಕ್ಕಪಕ್ಕ ನಿಂತವು, ಪಠ್ಯಪುಸ್ತಕದ ಬೆಲೆಗೆ ತೀರಾ ಹತ್ತಿರ. ಅಷ್ಟು ಶುದ್ಧವಾದ ಕೈ ನನ್ನ ವಿದ್ಯಾರ್ಥಿಗಳಲ್ಲಿ ಬೇರೆ ಯಾರಿಗೂ ಇರಲಿಲ್ಲ. ನನಗೂ ಇಲ್ಲ. ಸ್ಟೂಲಿನ ಮೇಲೆ ಕೂತೆ.

ಆ ಶನಿವಾರ ಕಾಟ್ಟಿಕುಳಂನಲ್ಲಿ ಬಸ್ಸಿಳಿದು, ವಿಚಾರಿಸಿಕೊಂಡು ಅವರ ಮನೆಗೆ ಹೋದೆ. ಅಪ್ಪ ಅಂಗಳದಲ್ಲಿ ಮೆಣಸು ಹರವುತ್ತಿದ್ದರು. ಮಗಳ ಮದುವೆಯಾಗಿತ್ತು, ಹುಣಸೂರಿನ ಕಡೆ ಕೊಟ್ಟಿದ್ದರು. ನನಗೆ ಕುರ್ಚಿ ತಂದು ಹಾಕಿದರು. ನಾನು ಕೂರದೆ ಪುಸ್ತಕ ಬಿಚ್ಚಿ ಪೆನ್ಸಿಲ್ ಸಾಲನ್ನು ತೋರಿಸಿದೆ. ತಪ್ಪು ನನ್ನದು, ಅವಳು ಬರೆದದ್ದೆಲ್ಲ ಸತ್ಯ, ಈಗಲೂ ಪತ್ರ ಕೊಡುತ್ತೇನೆ ಎಂದೆ.

ಅವರು ಆ ಸಾಲನ್ನೇ ನೋಡಿದರು. ಮನೆಯಲ್ಲಿ ಕನ್ನಡವಾಡಿದರೂ ಅವರ ಓದು ಮಲಯಾಳದ್ದು.

"ಏನು ಬರ್ದಿದಾಳೆ ಮಾಷೇ?"

ಓದಿ ಹೇಳಿದೆ.

"ಅವತ್ತು ಮನೆಗೆ ಬಂದು ಇದೇ ಹೇಳಿದ್ಲು" ಎಂದರು. "ನೀರಲ್ಲಿ ಮಾಡು ಅಂತ ಸಾರೇ ಹೇಳಿದ್ದು ಅಪ್ಪಾ ಅಂತ. ನಾನು ಕೆನ್ನೆಗೆ ಹೊಡೆದೆ. ಮಾಷ್ ಮೇಲೆ ಹಾಕ್ತೀಯಾ ಅಂತ."

ಮೆಣಸಿನ ಮೇಲೆ ಕೈಯಾಡಿಸಿದರು.

"ಹುಟ್ಟಿದಾಗಿಂದ ಅವಳ ಮೇಲೆ ಕೈ ಮಾಡಿದ್ದು ಅದೊಂದೇ ಸಲ."