ಇಪ್ಪತ್ತೊಂಬತ್ತನೆಯ ಸಂಜೆಯ ಸಾಕ್ಷಿ

ಚಿನ್ನದ ಗಣಿಯ ಸಾಲುಮನೆಗಳ ಊರಿಗಾಂ ಲೈನಿನ ಮಸ್ತಾನ್ ಸಾಬರು ಗಣಿ ನಡೆಯುವಷ್ಟು ಕಾಲ ನೆಲದಡಿಯ ಕತ್ತಲೆಯಲ್ಲಿ ದುಡಿದರು. ಗಣಿ ಮುಚ್ಚಿದ ಮೇಲೆ ಆಕಾಶ ನೋಡುವ ಕೆಲಸ ಅವರ ಪಾಲಿಗೆ ಬಂತು. ಸಂಬಳವಿಲ್ಲದ ಕೆಲಸ. ಮುಸ್ಲಿಮರ ಚಾಂದ್ರ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ, ಚಿನ್ನ ತೆಗೆದು ಬಿಸುಟ ಮಣ್ಣು ಬೆಟ್ಟವಾಗಿ ನಿಂತ ಸೈನೈಡ್ ದಿಬ್ಬವನ್ನೇರಿ, ಬಂಗಾರಪೇಟೆಯ ದಿಕ್ಕಿಗೆ, ಪಡುವಣಕ್ಕೆ ಮುಖಮಾಡಿ ನಿಲ್ಲಬೇಕು. ಸೂರ್ಯ ಮುಳುಗಿದ ಮೇಲೆ ಎಳೆಚಂದ್ರ ಕಂಡರೆ ಆ ಗಳಿಗೆಯಿಂದಲೇ ಹೊಸ ತಿಂಗಳು. ಕಾಣದಿದ್ದರೆ ನಡೆಯುವ ತಿಂಗಳಿಗೆ ಮೂವತ್ತು ದಿನ ತುಂಬಿಸಬೇಕು. ಮೂವತ್ತು ತುಂಬಿದ ಮೇಲೆ ಯಾರ ಕಣ್ಣನ್ನೂ ಕೇಳಬೇಕಾಗಿಲ್ಲ. ದೇವರು ಈ ಲೆಕ್ಕವನ್ನು ಪಂಡಿತರ ಕೈಗೆ ಕೊಡದೆ, ಕಣ್ಣಿರುವ ಪ್ರಾಮಾಣಿಕನ ನಾಲಿಗೆಯ ಮೇಲಿಟ್ಟಿದ್ದಾನೆ. ಅದು ಎಂಥ ಕೃಪೆ! ಎಂಥ ಭಾರ!

ಆ ವರ್ಷ ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸ ಯುಗಾದಿಯ ದಿನವೇ ಬಂದಿತ್ತು. ಸಾಬರ ಮಡದಿ ಖೈರುನ್ನೀಸಾ ಎರಡು ಬಗೆಯ ನಾಳೆಗೂ ಸಿದ್ಧಳಾಗಿದ್ದಳು. ಶ್ಯಾವಿಗೆಯನ್ನು ತುಪ್ಪದಲ್ಲಿ ಹುರಿದು ಡಬ್ಬಿಗೆ ತುಂಬಿದ್ದಳು, ಹಾಲಿಗೆ ಹಾಕಿರಲಿಲ್ಲ. ಹೊಸ ಬಟ್ಟೆಗೆ ಇಸ್ತ್ರಿ ಮಾಡಿಸಿದ್ದಳು, ಮಡಿಕೆ ಬಿಚ್ಚಿರಲಿಲ್ಲ. ಈದ್ ನಮಾಜಿಗೆ ಮುನ್ನ ಬಡವರಿಗೆ ಸಲ್ಲಬೇಕಾದ ಫಿತ್ರಾ ಗೋಧಿ ಒಂದು ಮೂಲೆಯಲ್ಲಿ. ಉಪವಾಸವೇ ಮುಂದುವರಿದರೆ ಬೆಳಗಿನ ಜಾವದ ಸಹರಿ ಊಟಕ್ಕೆ ಬೇಕಾದ ಹಿಟ್ಟು ಇನ್ನೊಂದು ಮೂಲೆಯಲ್ಲಿ.

ಕಾಮಸಮುದ್ರದ ಕಡೆಯಿಂದ ಹಾಲು ತರುವ ಮುತ್ಯಾಲಮ್ಮ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ಕೇಳಿದ್ದಳು: "ಅಮ್ಮಯ್ಯಾ, ಅಬ್ಬ ನಾಳೇನಾ, ನಾಳಿದ್ದಾ? ಡೈರಿಗೆ ಆಕ್ದೆ ಹಾಲು ಇಟ್ಕೋಬೇಕಲ್ಲ ನಾನು."

"ನನ್ನ್ಯಾಕೆ ಕೇಳ್ತೀಯಾ? ಇವರನ್ನ ಕೇಳು. ಆಕಾಶ ಇವರ ಜೇಬಲ್ಲೇ ಐತೆ."

"ಜೇಬಲ್ಲಿದ್ರೆ ಆಯ್ತಾ? ನಮ್ಮ ಎಮ್ಮೆಗೂ ಯೋಳ್ಬೇಕಲ್ಲಮ್ಮ!"

ಎಲ್ಲರಿಗಿಂತ ಹೆಚ್ಚಿನ ಆತುರ ಸಾಬರ ಸೋದರಳಿಯ ಪ್ಯಾರೇಜಾನನಿಗೆ. ಅವನು ಲಾರಿ ಚಾಲಕ, ನಾಳೆ ಹೊರಡಲೇಬೇಕು. ನಾಳೆಯೇ ಈದ್ ಆದರೆ ತಾಯಿಯ ಕೈಯೂಟ ಉಂಡು ಹೊರಡಬಹುದು. ಒಂದು ದಿನ ಜರುಗಿದರೆ ಅವನ ಹಬ್ಬ ಯಾವುದೋ ಹೆದ್ದಾರಿಯ ಪಾಲು.

ಸಂಜೆ ಮಾವ ಅಳಿಯ ಇಬ್ಬರೂ ದಿಬ್ಬದತ್ತ ನಡೆದರು. ಬುಡದಲ್ಲಿ ನೆರೆಮನೆಯ ಮುನಿಶಾಮಿ ಹೊಸ ಪಂಚೆಯುಟ್ಟು, ಅವನೂ ಚಂದ್ರನಿಗಾಗಿಯೇ ನಿಂತಿದ್ದ.

"ಏನ್ ಸಾಬ್ರೇ, ನಿಮ್ಗೆ ಸ್ಯಾವಿಗೆ, ನಮ್ಗೆ ಯುಗಾದಿ ಮಾರ್ನೆ ದಿನದ ಮರಿಮಾಂಸ. ಇಬ್ರೂ ಒಬ್ಬನ್ನೇ ಕಾಯಂಗಾಯ್ತಲ್ಲಾ!"

"ನಿನಗೇನಪ್ಪಾ, ಪಂಚಾಂಗದಲ್ಲಿ ಬರೆದಾಯ್ತು, ವರ್ಷ ಶುರುವಾಯ್ತು."

"ಊಂ ಮತ್ತೆ. ನಾವು ನೋಡೋದು ಪುಣ್ಯಕ್ಕೆ. ಆದ್ರೆ ಅಮಾಸೆ ಇವತ್ತು ಬೆಳಗ್ಗೆ ತಾನೇ ಕಳೀತು, ಇಷ್ಟು ಬಿರ್ರನೆ ಎಲ್ಲಿ ಕಾಣ್ತಾನೆ ಅವ್ನು? ಓಗಿ ಓಗಿ, ಉಸಾರು."

ದಿಬ್ಬದ ಮೇಲೆ ಗಾಳಿ ಬೂದು ಮಣ್ಣನ್ನು ಪರದೆಪರದೆಯಾಗಿ ಎಬ್ಬಿಸುತ್ತಿತ್ತು. ಕೆಳಗೆ ಗಣಿಗಿಳಿಯುವ ಹಳೆಯ ಶಾಫ್ಟಿನ ಬಾಯಲ್ಲಿ ಅದೇ ಗಾಳಿ ಹೊಕ್ಕು, ಭೂಮಿಯ ಆಳದಲ್ಲಿ ಯಾರೋ ಉಸಿರೆಳೆದುಕೊಂಡಂತೆ ಸದ್ದಾಗುತ್ತಿತ್ತು. ಸೂರ್ಯ ದೂಳಿನೊಳಗೇ ಕರಗಿದ. ಖರ್ಜೂರ ಬಾಯಿಗಿಟ್ಟು ಉಪವಾಸ ಬಿಟ್ಟು, ಸಾಬರು ಕಣ್ಣು ಕಿರಿದುಗೊಳಿಸಿದರು.

ಕಂಡಿತು. ಸೂರ್ಯ ಇಳಿದ ಜಾಗಕ್ಕಿಂತ ತುಸು ಮೇಲೆ, ಉಗುರಿನ ಅಂಚಿನಷ್ಟು ತೆಳ್ಳಗೆ, ಬೆಳ್ಳಿಯ ಗೆರೆ.

"ಅಲ್ಲಿ, ಪ್ಯಾರೇ! ಆ ಒಂಟಿ ಮರದ ನೇರಕ್ಕೆ, ಕೊಂಬು ಮೇಲಕ್ಕೆ, ದೋಣಿಯ ಹಾಗೆ!"

ಪ್ಯಾರೇಜಾನ್ ಬಹಳ ಹೊತ್ತು ನೋಡಿದ. "ಹೂಂ ಮಾಮು," ಎಂದ. ಅಷ್ಟರಲ್ಲಿ ದೂಳು ಮತ್ತೆ ಕವಿಯಿತು.

ಮಸೀದಿಯಲ್ಲಿ ಜನ ನೆರೆದಿತ್ತು. ಕೊನೆಯ ಹತ್ತು ದಿನ ಮಸೀದಿಯಲ್ಲೇ ಧ್ಯಾನಕ್ಕೆ ಕುಳಿತವರು ಪರದೆ ಸರಿಸಿ ಇಣುಕುತ್ತಿದ್ದರು. ಚಂದ್ರ ಕಂಡರೆ ಅವರಿಗೆ ಬಿಡುಗಡೆ. ಆಕಾಶ ತಿಳಿಯಾಗಿದ್ದರೆ ಹತ್ತಾರು ಜನ ಕಂಡಿರಬೇಕೆಂಬುದು ಕಟ್ಟಳೆ. ಮೋಡವೋ ದೂಳೋ ಕವಿದಿದ್ದರೆ ಈದ್ ಹಬ್ಬದ ಚಂದ್ರನಿಗೆ ಇಬ್ಬರು ನಂಬಿಗಸ್ತ ಗಂಡಸರ, ಇಲ್ಲವೆ ಒಬ್ಬ ಗಂಡಸು ಇಬ್ಬರು ಹೆಂಗಸರ ಸಾಕ್ಷಿ ಸಾಕು. ಇಮಾಮ್ ಸಾಹೇಬರು ಮಾವ ಅಳಿಯರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿದರು. ಸೂರ್ಯ ಮುಳುಗಿದ ಜಾಗಕ್ಕೆ ಯಾವ ಪಕ್ಕ? ಎಷ್ಟು ಎತ್ತರ? ಕೊಂಬು ಎತ್ತ? ಇಬ್ಬರ ಮಾತೂ ಕೂದಲೆಳೆಯಷ್ಟೂ ತಪ್ಪದೆ ತಾಳೆಯಾಯಿತು.

"ಮಸ್ತಾನ್ ಭಾಯ್, ದೇವರ ಮೇಲೆ ಆಣೆಯಿಟ್ಟು ಕಂಡೆ ಎನ್ನುತ್ತೀರಾ?"

"ಕಂಡೆ."

ಇಮಾಮರು ಬೆಂಗಳೂರಿನ ಚಂದ್ರದರ್ಶನ ಸಮಿತಿಗೆ ಸಾಕ್ಷಿ ತಿಳಿಸಲು ಫೋನ್ ಕೈಗೆತ್ತಿಕೊಂಡರು. ಸಾಬರು ನೀರು ಕುಡಿಯಲೆಂದು ಅಂಗಳಕ್ಕೆ ಬಂದರು. ಲೋಟ ತುಟಿಗಿಟ್ಟು ತಲೆಯೆತ್ತಿದರು.

ಶಾಫ್ಟಿನ ಕಬ್ಬಿಣದ ಗೋಪುರದ ತುದಿಯಲ್ಲಿ ಚಂದ್ರನಿದ್ದ.

ಅದೇ ಬೆಳ್ಳಿಯ ಗೆರೆ, ಅದೇ ದೋಣಿ. ಆದರೆ ಗೋಪುರವಿದ್ದುದು ಮೂಡಣಕ್ಕೆ. ಮೊದಲ ರಾತ್ರಿಯ ಚಂದ್ರ ಸೂರ್ಯನ ಬೆನ್ನಿಗೇ ಪಡುವಣದಲ್ಲಿ ಇಳಿದುಹೋಗುವವನು. ಮೂಡಣದಲ್ಲಿ ಅವನಿಗೆ ಜಾಗವೇ ಇಲ್ಲ. ಸಾಬರು ಮುಖ ತಿರುಗಿಸಿದರು. ಚಂದ್ರನೂ ತಿರುಗಿದ. ಸುಣ್ಣದ ಗೋಡೆಯ ಮೇಲೆ ಬಂದ, ನೀರಿನ ತೊಟ್ಟಿಯ ಮೇಲೆ ಬಂದ, ಬಾಗಿಲಲ್ಲಿ ನಿಂತು ತಮ್ಮನ್ನೇ ನೋಡುತ್ತಿದ್ದ ಪ್ಯಾರೇಜಾನನ ಹಣೆಯ ಮೇಲೆ ಬಂದು ನಿಂತ. ಸಾಬರು ಅಂಗೈಯಿಂದ ಬಲಗಣ್ಣು ಮುಚ್ಚಿದರು. ಹಣೆ ಬರಿದಾಯಿತು. ಕೈ ತೆಗೆದರು. ಮತ್ತೆ ಬೆಳಗಿತು.

ಒಳಗೆ ಫೋನು ಆ ಕಡೆ ರಿಂಗಾಗುವ ಸದ್ದು. ಊರಿಗೆ ಊರೇ ನಾಳೆ ತಮ್ಮ ಕಣ್ಣನ್ನು ನಂಬಿ ಒಂದು ಕಡ್ಡಾಯದ ಉಪವಾಸವನ್ನು ಉಂಡುಬಿಡುತ್ತದೆ! ಆ ತುತ್ತುಗಳಿಗೆಲ್ಲ ನಾಳೆ ದೇವರ ಮುಂದೆ ಉತ್ತರ ಹೇಳುವವರಾರು? ಮುದುಕ ಸಾಬರು ಒಳಗೋಡಿದರು.

"ಇಡಿ ಸಾಹೇಬ್ರೇ, ಫೋನ್ ಇಡಿ! ನಾನು ಕಂಡದ್ದು ಚಂದ್ರ ಅಲ್ಲ."

"ಮತ್ತೇನು?"

"ಗೊತ್ತಿಲ್ಲ. ಅದು ಇನ್ನೂ ಇದೆ. ಈಗ ನಿಮ್ಮ ಗಡ್ಡದ ಮೇಲಿದೆ."

ಇಮಾಮರ ಕೈ ತಾನಾಗಿ ಗಡ್ಡದತ್ತ ಹೋಗಿ ಅರ್ಧದಲ್ಲೇ ನಿಂತಿತು. ಅವರು ಮೆಲ್ಲನೆ ಪ್ಯಾರೇಜಾನನ ಕಡೆ ತಿರುಗಿದರು. "ನೀನು ಏನು ಕಂಡೆಯಪ್ಪಾ?"

ಅವನು ತಲೆ ತಗ್ಗಿಸಿದ. "ದೂಳು ಕಂಡೆ ಸಾಹೇಬ್ರೇ. ಮಾಮು ಕಂಡ್ರೆ ನಾನು ಕಂಡಂಗೇ ಅಲ್ವಾ ಅಂದ್ಕೊಂಡೆ. ಕೊಂಬು, ಮರ ಎಲ್ಲಾ ಅವರೇ ಹೇಳಿದ್ದು."

ಬೆಂಗಳೂರಿನಿಂದ ಬಂದ ಸುದ್ದಿಯೂ ಹಾಗೆಯೇ ಇತ್ತು: ಎಲ್ಲಿಯೂ ಚಂದ್ರ ಕಂಡಿಲ್ಲ, ಮೂವತ್ತು ಪೂರೈಸಿ. ಧ್ಯಾನಕ್ಕೆ ಕುಳಿತವರ ಪರದೆ ಮತ್ತೆ ಮುಚ್ಚಿತು. ಆ ರಾತ್ರಿಯೂ ರಂಜಾನಿನ ತರಾವೀಹ್ ನಮಾಜಿಗೆ ಸಾಲು ನಿಂತಿತು. ಸಾಬರ ಪಕ್ಕ ಯಾರೂ ಜಾಗ ಖಾಲಿ ಬಿಡಲಿಲ್ಲ, ಭುಜಕ್ಕೆ ಭುಜ ತಾಗಿಸಿಯೇ ನಿಂತರು. ಖೈರುನ್ನೀಸಾ ಹಿಟ್ಟಿನ ಮೂಲೆಗೆ ಹೋದಳು. ಪ್ಯಾರೇಜಾನ್ ಮರುದಿನ ಉಪವಾಸದಲ್ಲೇ ಲಾರಿ ಹತ್ತಿದ. ಹೊರಡುವಾಗ ಮಾವನ ಕೈಯನ್ನು ಕಣ್ಣಿಗೊತ್ತಿಕೊಂಡ.

ಮರುಸಂಜೆ ದಿಬ್ಬ ಹತ್ತುವ ಅಗತ್ಯವಿರಲಿಲ್ಲ. ದೂಳಡಗಿದ ಪಡುವಣದಲ್ಲಿ ಚಂದ್ರ ಬೀದಿಗೆಲ್ಲ ಕಾಣುವಂತೆ ನಿಂತಿದ್ದ. ಮಾಳಿಗೆಗಳಿಂದ ಕೂಗೆದ್ದಿತು. "ಬಂದ್ನಲ್ಲಾ ನಮ್ಮಪ್ಪ!" ಎಂದು ಮುನಿಶಾಮಿ ಕೈಮುಗಿದ.

"ಅಗೋ ನೋಡ್ರೀ, ಎಷ್ಟು ಚೆನ್ನಾಗಿದಾನೆ," ಎಂದು ಖೈರುನ್ನೀಸಾ ಗಂಡನ ತೋಳು ಹಿಡಿದಳು.

ಸಾಬರು ನೋಡಲಿಲ್ಲ. ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿ ಪ್ರಾರ್ಥನೆಗೆ ಅಂಗೈ ಮೇಲೆತ್ತಿದರು.

"ಕಂಡವಳು ನೀನು. ದುಆ ನೀನು ಹೇಳು, ನಾನು ಆಮೀನ್ ಅಂತೀನಿ."

ಅವಳು ಹೇಳುತ್ತ ಹೋದಳು. ಅವರು ಆಮೀನ್ ಎನ್ನುತ್ತ ಹೋದರು. ಮುಚ್ಚಿದ ಬಲಗಣ್ಣಿನ ಕತ್ತಲೆಯಲ್ಲಿ ಆ ಬೆಳ್ಳಿಯ ದೋಣಿ ಇಳಿಯದೆ, ಅಲುಗದೆ, ಬೆಳಗುತ್ತಲೇ ಇತ್ತು.