ಕಣ್ಣೀರು ಅಳೆಯುವ ಕಾಗದ

ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯ ಕಾವಲು ನಾಯಿಗೆ ಕಣ್ಣಲ್ಲಿ ಗೀಜು ಕಟ್ಟತೊಡಗಿದಾಗ ಎಲ್ಲರೂ ತೌಡಿನ ಧೂಳನ್ನೇ ಬೈದರು. ಧೂಳಿಗೆ ಬರುವ ಗೀಜು ತೊಳೆದರೆ ಹೋಗುತ್ತದೆ. ಇದು ಅಂಟಂಟು, ಎಳೆದರೆ ದಾರದಂತೆ ಬರುತ್ತಿತ್ತು. ಕಣ್ಣಿನ ಹೊಳಪೂ ಹೋಗಿತ್ತು. ನಾಯಿಯನ್ನು ಮುದ್ದು ಮಾಡುವ ಹೆಂಗಸಲ್ಲ ನಾನು. ಆದರೂ ಇಷ್ಟು ವರ್ಷ ಗಿರಣಿ ಕಾದ ಪ್ರಾಣಿ ಕುರುಡಾಗಿ ಮೂಟೆಗಳಿಗೆ ಡಿಕ್ಕಿ ಹೊಡೆಯುವುದು ನನಗೆ ಬೇಡವಾಗಿತ್ತು.

ಯಜಮಾನರನ್ನು ಹೊರಡಿಸಿ, ಟೆಂಪೋದಲ್ಲಿ ಹೊಸಪೇಟೆಯ ದನದ ದವಾಖಾನೆಗೆ ಒಯ್ದೆವು. ಡಾಕ್ಟರು ತುದಿ ಮಡಚಿದ ಸಣ್ಣ ಕಾಗದದ ಪಟ್ಟಿಯನ್ನು ನಾಯಿಯ ಕೆಳರೆಪ್ಪೆಯೊಳಗೆ ಸಿಕ್ಕಿಸಿ ಒಂದು ನಿಮಿಷ ಗಡಿಯಾರ ನೋಡಿದರು. ಪಟ್ಟಿ ಉದ್ದಕ್ಕೂ ಒದ್ದೆಯಾಯಿತು. ಅವರ ಹುಬ್ಬು ಗಂಟಾಯಿತು.

"ಕಣ್ಣು ನೋಡಿದ್ರ ಒಣಗೇತಿ, ಕಾಗದ ನೋಡಿದ್ರ ತೊಯ್ದೇತಿ. ಯಜಮಾನ್ರ, ಕಣ್ಣಿಗೆ ಏನರ ಹಾಕಿದ್ರೇನು?"

"ಏನೂ ಇಲ್ರಿ. ಈಗ ಹೊರಗ ನಳದಾಗ ಮುಖ ತೊಳಸಿ ಕರ್ಕೊಂಡು ಬಂದೀನಿ. ಡಾಕ್ಟರ ಮುಂದ ಹೊಲಸು ಮುಖ ತರಬಾರದಲ್ರಿ."

"ಹಂಗಾದ್ರ ನಾನು ಅಳದದ್ದು ನಿಮ್ಮ ನಳದ ನೀರು! ನಾಳೆ ತೊಳೀದಂಗ ತರ್ರಿ."

"ನಾಯೀನ್ನ ನೋಡಾಕ ಮದುವಿ ಗಂಡು ಬರಾಂವಿದ್ನೇನು, ಮುಖ ತೊಳಸಾಕ?" ಎಂದು ಮನೆಗೆ ಮರಳುವ ದಾರಿಯುದ್ದಕ್ಕೂ ಯಜಮಾನರನ್ನು ಕಾಡಿದೆ.

ಮರುದಿನ ಒಂದು ಕಣ್ಣಿನ ಪಟ್ಟಿ ನಾಲ್ಕು ಮಿಲಿಮೀಟರ್ ತೊಯ್ದಿತು, ಇನ್ನೊಂದರದು ಆರು. ಹದಿನೈದಾದರೂ ಇರಬೇಕಂತೆ. ನಾಯಿಯ ಮೈಯೇ ತನ್ನ ಕಣ್ಣೀರಿನ ಗ್ರಂಥಿಯನ್ನು ಹಾಳು ಮಾಡುತ್ತಿದೆ, ತೌಡಿನ ತಪ್ಪಲ್ಲ ಎಂದರು ಡಾಕ್ಟರು. ಮೈಯ ಈ ಹಾವಳಿ ತಗ್ಗಿಸಲು, ಕಿಡ್ನಿ ಬದಲಾಯಿಸಿಕೊಂಡವರಿಗೆ ಕೊಡುವ ಔಷಧಿಯನ್ನು ಎಣ್ಣೆಯಲ್ಲಿ ತೆಳುಮಾಡಿ ಸೀಸೆಗೆ ತುಂಬಿಸಿಕೊಟ್ಟರು. ಬೆಳಿಗ್ಗೆ ಸಂಜೆ ಗೀಜು ಒರೆಸಿ ಒಂದೊಂದು ಹನಿ.

"ಕೂಡ್ಲೆ ಗುಣ ಕಾಣಂಗಿಲ್ರಿ ಅಮ್ಮಾರ, ವಾರಗಟ್ಟಲೆ ಹಿಡಿತೈತಿ. ಅಲ್ಲೀತನ ಕಣ್ಣು ತಂಪಿಡಾಕ ಈ ಬ್ಯಾರೆ ಹನಿನೂ ಹಾಕ್ರಿ."

ನಾನು ನಾಯಿಯ ಮೂತಿ ಹಿಡಿಯುತ್ತಿದ್ದೆ, ಯಜಮಾನರು ಹನಿ ಬಿಡುತ್ತಿದ್ದರು. ಮೊದಮೊದಲು ಹನಿಯೆಲ್ಲ ನನ್ನ ಸೀರೆಗೇ. ನಿಧಾನಕ್ಕೆ ಗೀಜು ಕಡಿಮೆಯಾಯಿತು, ಕಣ್ಣು ಬೆಳಗಿತು. ಮತ್ತೆ ಅಳೆಸಿದಾಗ ಒಂದು ಕಣ್ಣು ಹದಿಮೂರು, ಇನ್ನೊಂದು ಹದಿನಾರು.

"ಆರಾಮಾತಲ್ರಿ, ಇನ್ನ ಸೀಸೆ ಬ್ಯಾಡ" ಎಂದರು ಯಜಮಾನರು.

"ನಿಮ್ಮ ಗದ್ದಿ ಹಸರೈತಿ ಅಂತ ಕಾಲುವಿ ತೂಬು ಮುಚ್ಚತೀರೇನು? ಇದು ಅದರ ಜೀವ ಇರೋತನ ಹಾಕೂ ಔಷಧಿ" ಎಂದರು ಡಾಕ್ಟರು.

ತೂಬಿನ ಮಾತು ಅವರಿಗೆ ನಾಟಿತು. ಆಮೇಲೆ ಸೀಸೆ ಅವರ ಬಿ.ಪಿ. ಗುಳಿಗೆಯ ಪಕ್ಕದಲ್ಲೇ ಕುಳಿತಿತು. ತಮ್ಮ ಗುಳಿಗೆ ಮರೆತಾರು, ನಾಯಿಯ ಹನಿ ಮರೆಯಲಿಲ್ಲ. ದವಾಖಾನೆಗೆ ಹೋಗುವ ದಿನ ಮಾತ್ರ ನಾಯಿಗೆ ಕುತ್ತಿಗೆಯವರೆಗೆ ಸಾಬೂನು ಹಚ್ಚಿ ಸ್ನಾನ ಮಾಡಿಸುತ್ತಿದ್ದರು. ಮುಖಕ್ಕೆ ಒಂದು ತೊಟ್ಟು ನೀರು ಸೋಕಿಸುತ್ತಿರಲಿಲ್ಲ. ಅದು ಬೆಳ್ಳಗಿನ ಮೈ, ಕೊಳಕು ಮೂತಿ ಹೊತ್ತು ಟೆಂಪೋದಲ್ಲಿ ಕೂತು ದಾರಿಯ ಎಮ್ಮೆಗಳನ್ನೆಲ್ಲ ನೋಡಿ ನೋಡಿ ಬೊಗಳುತ್ತಿತ್ತು.